ಎಡಗಾಲು ಮುಂದೆ

ಅಪ್ಪನ ಕಣ್ಣಿನ ಆಪರೇಷನ್ ಆಗಿದ್ದರಿಂದ ಆ ವರ್ಷ ಆಗಸ್ಟ್‌ನಲ್ಲಿ ಮೂರು ವಾರ ಊರಲ್ಲೇ ಕೂತು ಆಫೀಸ್ ಕೆಲಸ ಮಾಡ್ತಿದ್ದೆ. ನೆಟ್‌ವರ್ಕ್ ಸಿಗೋದು ಹಿತ್ತಲಿನ ಹುಣಸೆ ಮರದ ಬುಡದಲ್ಲಿ ಮಾತ್ರ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಮೀಟಿಂಗ್ ಮುಗಿಸೋ ಹೊತ್ತಿಗೆ ಬೇಲಿಯಾಚೆಯಿಂದ ಒಂದು ತಲೆ ಕಾಣಿಸಿತು. ನನ್ನ ಜೊತೆ ಒಂದರಿಂದ ಹತ್ತರವರೆಗೆ ಓದಿದವನು, ಈಗ ನಾವು ಓದಿದ ಹೈಸ್ಕೂಲಿನಲ್ಲೇ ಪಿ.ಟಿ. ಮೇಷ್ಟ್ರು.

"ಲೋ, ನಿಂಗೆ ಫಾರಂ ಮಾಡೋಕೆ ಬರುತ್ತೇನೋ? ಗೆರೆ ಹೊಡೆದು, ಡಬ್ಬಿ ಡಬ್ಬಿ ಬರೋ ಥರ?"

ಹನ್ನೆರಡು ವರ್ಷ ಸಾಫ್ಟ್‌ವೇರ್ ಬರೆದವನನ್ನು ಊರಲ್ಲಿ ಕೇಳೋದು ಇಂಥದ್ದೇ. ಪ್ರಿಂಟರ್ ಯಾಕೆ ಓಡ್ತಿಲ್ಲ, ಪಹಣಿಯಲ್ಲಿ ಹೆಸರು ತಪ್ಪಾಗಿದೆ ನೋಡು, ಡಬ್ಬಿ ಡಬ್ಬಿ ಫಾರಂ ಮಾಡ್ಕೊಡು. ಬರುತ್ತೆ ಅಂದೆ.

ಅವನ ಸಮಸ್ಯೆ ಇದು. ಒಂಬತ್ತನೇ ಕ್ಲಾಸಿನಲ್ಲಿ ಮೂವತ್ತಾರು ಮಕ್ಕಳು, ವಾರಕ್ಕೆ ಎರಡು ಪಿ.ಟಿ. ಪೀರಿಯಡ್, ಒಂದೊಂದು ನಲವತ್ತು ನಿಮಿಷ. ವಾಲಿಬಾಲ್ ಸರ್ವಿಸ್ ಕಲಿಸಬೇಕು. ಒಬ್ಬೊಬ್ಬರ ಸರ್ವಿಸನ್ನೂ ಇವನೇ ನಿಂತು ನೋಡಿ ತಿದ್ದಬೇಕು ಅಂದರೆ ಒಂದು ಮಗುವಿಗೆ ಒಂದು ನಿಮಿಷ ಸಿಗುತ್ತೆ. ಅದಕ್ಕೇ ಮಕ್ಕಳೇ ಒಬ್ಬರನ್ನೊಬ್ಬರು ನೋಡಿ ಬರೆಯಲಿ, ತಮ್ಮ ಬಗ್ಗೆ ತಾವೂ ಬರೆಯಲಿ ಅಂತ ಹೊರಟಿದ್ದ. ಹೋಬಳಿ ಮಟ್ಟದ ಕ್ರೀಡಾಕೂಟವೂ ಹತ್ತಿರ ಇತ್ತು. ಹೋದ ವರ್ಷ ಹುಡುಗೀರ ಟೀಮಿಗೆ ತನ್ನ ಮಗಳನ್ನು ಹಾಕಲಿಲ್ಲ ಅಂತ ಒಬ್ಬರು ಸ್ಕೂಲಿಗೇ ಬಂದು ಜಗಳ ಆಡಿದ್ದರಂತೆ. ಮಕ್ಕಳೇ ಮಾಡಿದ ಫಾರಂ ಕೈಯಲ್ಲಿದ್ದರೆ ತೋರಿಸಬಹುದಲ್ಲ ಅಂತ ಅವನ ಲೆಕ್ಕ.

ಮೊದಲ ಸುತ್ತು ಅವನೇ ಮಾಡಿ ಮುಗಿಸಿದ್ದ. ಆ ಹಾಳೆಗಳನ್ನು ಹೆಗಲ ಚೀಲದಿಂದ ತೆಗೆದು ನನ್ನ ಲ್ಯಾಪ್‌ಟಾಪ್ ಮೇಲೇ ಸುರಿದ. ಸರ್ವಿಸ್ ಕೌಶಲ, ಉತ್ಸಾಹ, ಕ್ರೀಡಾ ಮನೋಭಾವ, ಶಿಸ್ತು ಅಂತ ನಾಲ್ಕು ಸಾಲು. ಎದುರಿಗೆ ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಣೆ ಬೇಕು ಅಂತ ನಾಲ್ಕು ಡಬ್ಬಿ. ನೋಡ್ತಾ ಹೋದೆ. ಅತ್ಯುತ್ತಮ, ಅತ್ಯುತ್ತಮ, ಅತ್ಯುತ್ತಮ. ಕ್ಲಾಸ್ ಲೀಡರ್ ಹುಡುಗನಿಗಂತೂ ನಾಲ್ಕು ಸಾಲಿಗೂ ಅತ್ಯುತ್ತಮ. "ಇವನ ಸರ್ವಿಸ್ ಹೆಂಗೋ?" ಅಂದೆ. "ಹತ್ತಕ್ಕೆ ಎರಡು ನೆಟ್ ದಾಟಿದ್ರೆ ಪುಣ್ಯ" ಅಂದ. ಅಪರೂಪಕ್ಕೊಂದು 'ಸಾಧಾರಣ' ಕಂಡರೆ ಅದು ನಾಲ್ಕೂ ಸಾಲಿಗೆ ಸಾಧಾರಣ. ಹಿಂದಿನ ದಿನ ಜಗಳ ಆಡ್ಕೊಂಡವರಂತೆ.

ಆ ಹಾಳೆ ನೋಡಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಇಂಥದೇ ಹಾಳೆ ನಾನು ಒಂದು ಸಲ ತುಂಬಿದ್ದೆ.

ಬಿ.ಇ. ಕೊನೇ ಸೆಮಿಸ್ಟರ್ ಪ್ರಾಜೆಕ್ಟು. ನಾಲ್ಕು ಜನ. ಮೂರು ಜನ ಸಿಟಿಯವರು, ಒಳ್ಳೇ ಹುಡುಗರೇ, ನಾನು ಹಾಸ್ಟೆಲ್. ಕೊನೆಗೆ ಒಬ್ಬರಿಗೊಬ್ಬರು ಮಾರ್ಕ್ಸ್ ಕೊಡಿ ಅಂತ ಒಂದು ಫಾರಂ ಬಂತು. ಟೀಮ್ ವರ್ಕ್, ಲೀಡರ್‌ಶಿಪ್, ಕಮ್ಯುನಿಕೇಶನ್, ಕಾಂಟ್ರಿಬ್ಯೂಷನ್, ಒಂದೊಂದಕ್ಕೆ ಹತ್ತು. ನಾನು ಮೂವರಿಗೂ ಒಂಬತ್ತೊಂಬತ್ತು ಬರೆದೆ. ಧೈರ್ಯ ಇರಲಿಲ್ಲ ಅಷ್ಟೆ. ನನಗೆ ಬಂದಿದ್ದು ಎಲ್ಲದಕ್ಕೂ ಆರು. ಕಮ್ಯುನಿಕೇಶನ್ ಆರು ಅಂದರೆ ಒಪ್ಪಿಕೊಳ್ತಿದ್ದೆ, ಆಗ ನನ್ನ ಇಂಗ್ಲಿಷ್ ಹಾಗೇ ಇತ್ತು. ಆದರೆ ಕೋಡಿನಲ್ಲಿ ಅರ್ಧಕ್ಕರ್ಧ ನಾನು ಬರೆದದ್ದು. ಕಾಂಟ್ರಿಬ್ಯೂಷನ್ನಿಗೂ ಆರು ಹೇಗೆ?

ಇದಕ್ಕೆ ಒಂದು ಹೆಸರಿದೆ ಅಂತ ಆಮೇಲೆ ಗೊತ್ತಾಯ್ತು. ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1920ರಲ್ಲೇ ಬರೆದಿಟ್ಟಿದ್ದಾರೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಟ್ಟಿದ್ದರು. ಆ ಅಂಕಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಮೇಲೆ ಕೆಳಗೆ ಹೋಗ್ತಿದ್ದವು. ಒಬ್ಬ ಮನುಷ್ಯನ ಬಗ್ಗೆ ಮನಸ್ಸಿನಲ್ಲಿ ಒಟ್ಟಾರೆ ಒಂದು ಬಣ್ಣ ಕೂತುಬಿಟ್ಟಿರುತ್ತೆ, ಯಾವ ಡಬ್ಬಿ ಕೊಟ್ಟರೂ ಅದೇ ಬಣ್ಣ ಬಳೀತೀವಿ. ಇದನ್ನು ಹ್ಯಾಲೋ ಎಫೆಕ್ಟ್ ಅಂತಾರೆ. ದೊಡ್ಡ ದೊಡ್ಡ ಅಧಿಕಾರಿಗಳ ಕಥೆಯೇ ಹೀಗಿರುವಾಗ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬೈದು ಏನು ಪ್ರಯೋಜನ?

"ಮಕ್ಕಳು ಮೋಸ ಮಾಡಿಲ್ಲ ಕಣೋ. 'ಇವನು ಹೆಂಗೆ' ಅಂತ ಕೇಳಿದ್ದೀಯ, ಅವರು ಇವನು ಹೆಂಗೆ ಅಂತ ಬರೆದಿದ್ದಾರೆ. ಏನು ಕಾಣಿಸ್ತು ಅಂತ ಕೇಳಬೇಕು" ಅಂದೆ. ನಮ್ಮ ಆಫೀಸಿನಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವಾಗ ನಡೆಯೋದು ಹಾಗೇ. 'ನೀನು ಬುದ್ಧಿವಂತನಾ' ಅಂತ ಯಾರೂ ಬರೆಯಲ್ಲ. ಇಂಥ ಸಾಲಿನಲ್ಲಿ ಈ ಫೈಲನ್ನು ತೆರೆದು ಮುಚ್ಚಿಲ್ಲ ಅಂತ ಬರೀತಾರೆ.

ಆ ಸಂಜೆ ಇಬ್ಬರೂ ಸ್ಕೂಲ್ ಮೈದಾನಕ್ಕೆ ಹೋದ್ವಿ. ಅವನು ಸರ್ವಿಸ್ ಹಾಕ್ತಾ ಹೋದ, ನಾನು ನೋಡಿ ಬರ್ಕೊಂಡೆ. ನಿಂತು, ಬಾಲನ್ನು ಮೇಲಕ್ಕೆ ಹಾರಿಸಿ, ತಲೆ ಮೇಲಿಂದ ಹೊಡೆಯೋ ಸರ್ವಿಸ್ ಅದು. ನಾನೂ ನಮ್ಮೂರ ಹೊನಲು ಬೆಳಕಿನ ಟೂರ್ನಮೆಂಟಿನಲ್ಲಿ ಆಡಿದವನೇ, ಆದರೆ ಆಡೋದು ಬೇರೆ, ಆಡೋದನ್ನು ತುಂಡು ತುಂಡು ಮಾಡಿ ನೋಡೋದು ಬೇರೆ. ಕೊನೆಗೆ ನಾಲ್ಕು ಪ್ರಶ್ನೆ ಉಳಿಸಿಕೊಂಡ್ವಿ.

ಹೊಡೆಯುವಾಗ ಎಡಗಾಲು ಮುಂದೆ ಇತ್ತೇ?
ಬಾಲ್ ಕೈಗೆ ತಾಗೋ ತನಕ ಕಾಲು ಹಿಂದಿನ ಗೆರೆ ಮುಟ್ಟದೆ ಇತ್ತೇ?
ಹಾರಿಸಿದ ಬಾಲ್ ಹೊಡೆಯೋ ಭುಜದ ಮುಂದೆ ನೇರವಾಗಿ ಹೋಯಿತೇ?
ಹೊಡೆಯುವಾಗ ಕೈ ನೇರವಾಗಿತ್ತೇ?

ಎಲ್ಲದಕ್ಕೂ ಹೌದು ಅಥವಾ ಇಲ್ಲ. ಬಾಲ್ ಆಚೆ ಅಂಕಣದೊಳಗೆ ಬಿತ್ತೋ ಇಲ್ಲವೋ ಅನ್ನೋದಕ್ಕೆ ಕೆಳಗೆ ಬೇರೇನೇ ಒಂದು ಸಾಲು. ಅದನ್ನು ಬೇರೆ ಇಡಲೇಬೇಕು. ಯಾಕಂದರೆ ಬಾಲ್ ಒಳಗೆ ಬಿದ್ದರೆ ನೋಡುವವರು ಹಿಂದಿನದ್ದೆಲ್ಲಾ ಸರಿ ಇತ್ತು ಅಂತ ಬರೆದುಬಿಡ್ತಾರೆ. ಇಲ್ಲೊಂದು ತಮಾಷೆಯೂ ಆಯ್ತು. ಸರ್ವಿಸ್ ನೆಟ್ ಸವರಿಕೊಂಡು ಆಚೆ ಬಿದ್ದರೆ ತಪ್ಪು ಅಂತ ನಾನು, ಈಗಿನ ನಿಯಮದಲ್ಲಿ ತಪ್ಪಲ್ಲ ಅಂತ ಅವನು. ಅವನೇ ಸರಿ. ನಾನು ಆಟ ಬಿಟ್ಟು ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕಿಕೊಂಡು ಸುಮ್ಮನಾದೆ.

ನೋಡುವವರು ಎಲ್ಲಿ ನಿಲ್ಲಬೇಕು ಅನ್ನೋದು ಪ್ರಶ್ನೆಯಷ್ಟೇ ಮುಖ್ಯ ಅಂತ ಅವತ್ತು ಗೊತ್ತಾಯ್ತು. ಹಿಂದೆ ನಿಂತರೆ ಗೆರೆ ತುಳಿದದ್ದು ಕಾಣಲ್ಲ. ನೆಟ್ ಹತ್ತಿರ ನಿಂತರೆ ಮೊಣಕೈ ಮಡಿಚಿದ್ದು ಕಾಣಲ್ಲ. ಹಿಂದಿನ ಗೆರೆಯ ನೇರಕ್ಕೆ, ಹೊಡೆಯೋ ಕೈ ಕಡೆ, ಎರಡು ಮೂರು ಹೆಜ್ಜೆ ದೂರದಲ್ಲಿ ನಿಂತರೆ ಕಾಲೂ ಕಾಣುತ್ತೆ, ಕೈಯೂ ಕಾಣುತ್ತೆ. ಆದರೆ ಎರಡೂ ಒಟ್ಟಿಗೆ ಕಾಣಲ್ಲ! ನಾನು ಮೊದಲ ಹತ್ತು ಸರ್ವಿಸಿಗೆ ನಾಲ್ಕೂ ಪ್ರಶ್ನೆ ಒಟ್ಟಿಗೆ ತುಂಬೋಕೆ ಹೋಗಿ ಸೋತೆ. ಬಾಲ್ ಗಾಳಿಗೆ ಹೋದ ಕೂಡಲೇ ಕಣ್ಣೂ ಅದರ ಹಿಂದೆ ಹೋಗುತ್ತೆ, ಎಷ್ಟು ತಡೆದರೂ. ಅದಕ್ಕೇ ನಿಯಮ ಮಾಡಿದ್ವಿ: ಐದು ಸರ್ವಿಸಿಗೆ ಒಂದೇ ಪ್ರಶ್ನೆ. ಈ ಐದರಲ್ಲಿ ಪಾದ ಮಾತ್ರ ನೋಡು, ಬಾಲ್ ಎಲ್ಲಿಗಾದರೂ ಹೋಗಲಿ. ಮುಂದಿನ ಐದರಲ್ಲಿ ಮೊಣಕೈ ಮಾತ್ರ.

ಬಾಲ್ ಇದ್ದದ್ದು ಮೂರು. ಹಾಗಾಗಿ ನಾಲ್ಕು ನಾಲ್ಕು ಮಕ್ಕಳ ಮೂರು ಗುಂಪು ಮಾತ್ರ ಒಂದು ಸಲಕ್ಕೆ. ಉಳಿದವರು ಕಾಂಪೌಂಡ್ ಗೋಡೆಗೆ ರಿಂಗ್ ಬಾಲ್ ಎಸೆದು ಹಿಡೀತಾ ಇರೋದು. ಗುಂಪಿನಲ್ಲಿ ಒಬ್ಬರು ಸರ್ವಿಸ್ ಹಾಕೋದು, ಇಬ್ಬರು ನೋಡೋದು, ಒಬ್ಬರು ಬಾಲ್ ತರೋದು. ಆಮೇಲೆ ಬದಲಿ. ಗುಂಪು ಹಾಜರಿ ಪುಸ್ತಕದ ಸಾಲಿನ ಪ್ರಕಾರ, ಗೆಳೆತನದ ಪ್ರಕಾರ ಅಲ್ಲ. ಹುಡುಗೀರಿಗೆ ಹುಡುಗೀರೇ, ಯಾಕಂದರೆ ಹುಡುಗರು ರಟ್ಟು ಹಿಡ್ಕೊಂಡು ಪಕ್ಕದಲ್ಲಿ ನಿಂತರೆ ನಮ್ಮೂರ ಹುಡುಗೀರು ಕೈ ಎತ್ತೋದೇ ಇಲ್ಲ. ನೋಡುವ ಇಬ್ಬರೂ ಒಬ್ಬರ ಹಾಳೆ ಒಬ್ಬರಿಗೆ ಕಾಣದ ಹಾಗೆ ಬೇರೆ ಬೇರೆ ಬರೀಬೇಕು.

ಸ್ವಮೌಲ್ಯಮಾಪನಕ್ಕೆ ಸಣ್ಣದೊಂದು ಚೀಟಿ. ಐದು ಸರ್ವಿಸ್ ಆದಮೇಲೆ, ಗೆಳತೀರ ಹಾಳೆ ನೋಡೋ ಮೊದಲೇ, ಅದೇ ಪ್ರಶ್ನೆಗೆ ಐದರಲ್ಲಿ ಎಷ್ಟು ಸರಿ ಇತ್ತು ಅಂತ ತನಗೆ ಅನ್ನಿಸಿದ್ದನ್ನು ಬರೆದು ಜೇಬಿಗೆ ಹಾಕ್ಕೋಬೇಕು. ಜೊತೆಗೆ ಬೇರೆಯವರಿಗೆ ಕಾಣದ ಒಂದು ಪ್ರಶ್ನೆ: ಬಾಲ್ ಕೈಯ ಯಾವ ಭಾಗಕ್ಕೆ ತಾಗಿತು, ಬೆರಳಿಗೋ ಅಂಗೈ ಬುಡಕ್ಕೋ? ಅದು ಉರಿದವರಿಗೇ ಗೊತ್ತು.

ಮತ್ತೊಂದು ಕಂಡೀಷನ್ ನಾನು ಹಾಕಿದೆ. ಇದನ್ನು ಮಾರ್ಕ್ಸಿಗೆ ಸೇರಿಸಬಾರದು, ಟೀಮ್ ಆರಿಸೋಕೂ ಬಳಸಬಾರದು. ಅವನಿಗೆ ಸಿಟ್ಟು ಬಂತು. "ಮತ್ತೆ ಯಾಕೋ ಈ ಕರ್ಮ?" ಅಂದ. ಇವತ್ತು ಮಾರ್ಕ್ಸಿಗೆ ಸೇರುತ್ತೆ ಅಂತ ಹೇಳು, ನಾಳೆ ಎಲ್ಲರಿಗೂ ಐದಕ್ಕೆ ಐದು ಬರುತ್ತೆ, ಪ್ರಶ್ನೆ ಎಷ್ಟು ಚೆನ್ನಾಗಿದ್ದರೂ ಅಷ್ಟೇ ಅಂದೆ. ಅರ್ಧ ಒಪ್ಪಿದ. ಟೀಮಿನ ವಿಷಯ ಆಮೇಲೆ ನೋಡೋಣ ಅಂದ.

ಬುಧವಾರ ಮತ್ತು ಗುರುವಾರ, ಇನ್ನೊಬ್ಬ ಮೇಷ್ಟ್ರ ಹತ್ತಿರ ಒಂದು ಪೀರಿಯಡ್ ಸಾಲ ಪಡೆದು, ಮೂರು ಸುತ್ತು ಆಯ್ತು. ನಾನು ಊಟದ ಬ್ರೇಕ್ ಅಂತ ಆಫೀಸಿಗೆ ಸುಳ್ಳು ಹೇಳಿ ಹೋಗಿ ನಿಂತಿದ್ದೆ. ಮೊದಲ ಹತ್ತು ನಿಮಿಷ ಗೆಳೆಯನನ್ನು ಸುಧಾರಿಸೋದೇ ಕೆಲಸ. ಒಬ್ಬ ಹುಡುಗ ಗೆರೆ ತುಳಿದ ಕೂಡಲೇ ಇವನು ಸೀಟಿ ಊದಿ "ಏಯ್ ಕಾಲು!" ಅಂತಾನೆ. ಅಷ್ಟೇ, ರಟ್ಟು ಹಿಡಿದ ಇಬ್ಬರೂ ಪೆನ್ಸಿಲ್ ಕೆಳಗಿಳಿಸಿ ಮೇಷ್ಟ್ರ ಮುಖ ನೋಡ್ತಾರೆ. ಮೇಷ್ಟ್ರು ನೋಡ್ತಿರುವಾಗ ನಾವ್ಯಾಕೆ ನೋಡೋದು? ಇದು ಅವನಿಗೆ ಗೊತ್ತಿರದ ವಿಷಯವೇನಲ್ಲ. ಮಸ್ಕಾ ಮಾಸ್ಟನ್ ಅನ್ನೋರು 1966ರಲ್ಲಿ ದೈಹಿಕ ಶಿಕ್ಷಣ ಕಲಿಸೋ ವಿಧಾನಗಳ ಬಗ್ಗೆ ಒಂದು ಪುಸ್ತಕ ಬರೆದರು, ಇವನು ಬಿ.ಪಿ.ಎಡ್.ನಲ್ಲಿ ಓದಿದ್ದ. ಅವರ ಪದ್ಧತಿಯಲ್ಲಿ ಮಕ್ಕಳು ಜೋಡಿಯಾಗಿ ಕಲಿಯುವಾಗ ಮೇಷ್ಟ್ರು ಆಡುವವನ ಹತ್ತಿರ ಮಾತಾಡೋ ಹಾಗೇ ಇಲ್ಲ. ನೋಡುವವನ ಹತ್ತಿರ ಮಾತ್ರ. ಅದೂ "ಏನು ನೋಡಿದೆ? ಹಾಳೆಯಲ್ಲಿ ಏನಿದೆ?" ಅಂತ ಕೇಳೋದು. ಓದಿದ್ದು ಸರಿ, ಬಾಯಿ ಕಟ್ಟಬೇಕಲ್ಲ. ಕೊನೆಗೆ ಸೀಟಿ ನಾನು ಇಸ್ಕೊಂಡು ಜೇಬಿಗೆ ಹಾಕ್ಕೊಂಡೆ.

ಶುಕ್ರವಾರ ರಾತ್ರಿ ಎಲ್ಲಾ ಹಾಳೆ, ಚೀಟಿ ಹರಡಿಕೊಂಡು ಸ್ಪ್ರೆಡ್‌ಶೀಟಿಗೆ ಹಾಕಿದೆ. ಅಮ್ಮ "ಇದಕ್ಕೂ ಸಂಬಳ ಕೊಡ್ತಾರಾ?" ಅಂತ ಕೇಳಿ ಮಲಗಿದಳು.

ಮೊದಲು ನೋಡಿದ್ದು ನೋಡುವ ಇಬ್ಬರ ಹಾಳೆ ಒಂದಕ್ಕೊಂದು ಹೊಂದುತ್ತಾ ಅಂತ. ಗೆರೆಯ ಪ್ರಶ್ನೆ ಬಹಳ ಚೆನ್ನಾಗಿತ್ತು. ಹೆಚ್ಚಿನ ಜೋಡಿಗಳಲ್ಲಿ ಐದಕ್ಕೆ ಐದೂ ಅಥವಾ ನಾಲ್ಕು ಸರ್ವಿಸಿಗೆ ಇಬ್ಬರೂ ಒಂದೇ ಉತ್ತರ ಬರೆದಿದ್ದರು. ಆದರೆ 'ಕೈ ನೇರವಾಗಿತ್ತೇ' ಅನ್ನೋದು ಕೆಟ್ಟುಹೋಗಿತ್ತು. ಲೀಡರ್ ಹುಡುಗನ ಹಾಳೆಯನ್ನೇ ತಗೊಳ್ಳಿ. ಒಬ್ಬ ಬರೆದದ್ದು ಹೌದು, ಇಲ್ಲ, ಹೌದು, ಹೌದು, ಇಲ್ಲ. ಇನ್ನೊಬ್ಬ ಬರೆದದ್ದು ಇಲ್ಲ, ಇಲ್ಲ, ಹೌದು, ಇಲ್ಲ, ಹೌದು. ಒಟ್ಟು ನೋಡಿದರೆ ಒಬ್ಬ ಮೂರು ಹೌದು ಕೊಟ್ಟಿದ್ದಾನೆ, ಇನ್ನೊಬ್ಬ ಎರಡು. ಹೆಚ್ಚುಕಮ್ಮಿ ಒಂದೇ ಅಲ್ವಾ ಅನ್ನಿಸುತ್ತೆ. ಒಂದೊಂದೇ ಸರ್ವಿಸ್ ಹಿಡಿದು ನೋಡಿ: ಎರಡನೆಯದು ಮತ್ತು ಮೂರನೆಯದರಲ್ಲಿ ಮಾತ್ರ ಇಬ್ಬರೂ ಒಪ್ಪಿದ್ದಾರೆ. ಐದಕ್ಕೆ ಎರಡು. ಇಬ್ಬರೂ ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿ ಬರೆದಿದ್ದರೂ ಸರಾಸರಿ ಅರ್ಧಕ್ಕರ್ಧ ಹೊಂದುತ್ತಿತ್ತು. ಒಟ್ಟು ಮೊತ್ತ ಮಾತ್ರ ನೋಡಿದ್ದರೆ ಇದು ಕಣ್ಣಿಗೇ ಬೀಳ್ತಿರಲಿಲ್ಲ.

ಹುಡುಗರು ಸುಳ್ಳು ಬರೆದಿರಲಿಲ್ಲ. 'ನೇರ' ಅಂದರೆ ಒಬ್ಬನಿಗೆ ಕೋಲಿನ ಹಾಗೆ, ಇನ್ನೊಬ್ಬನಿಗೆ ಆಕಡೆ ಈಕಡೆ ವಾಲದ ಹಾಗೆ. ಪ್ರಶ್ನೆಯನ್ನು ಬದಲಾಯಿಸಿದೆ: ಬಾಲ್ ಕೈಗೆ ತಾಗಿದ ಕ್ಷಣ ಮೊಣಕೈ ಕಿವಿಗಿಂತ ಮೇಲೆ ಇತ್ತೇ? ಕಿವಿ ಎಲ್ಲರಿಗೂ ಇದೆ, ಎಲ್ಲಿದೆ ಅಂತ ವಾದ ಬರಲ್ಲ.

ಆಮೇಲೆ ಸ್ವಂತ ಚೀಟಿಗಳನ್ನು ಗೆಳೆಯರ ಹಾಳೆ ಪಕ್ಕದಲ್ಲಿಟ್ಟೆ. ಹೆಚ್ಚಿನವರು ತಮಗೆ ಒಂದೋ ಎರಡೋ ಜಾಸ್ತಿ ಕೊಟ್ಕೊಂಡಿದ್ದರು, ಕೆಲವು ಹುಡುಗೀರು ಕಮ್ಮಿ. ಒಂದು ಕಡೆ ಮಾತ್ರ ವಿಪರೀತ ಇತ್ತು. ಒಬ್ಬಳು ಹುಡುಗಿ ಕಾಲಿನ ಪ್ರಶ್ನೆಗೆ ತನಗೆ ಐದಕ್ಕೆ ಐದು ಕೊಟ್ಟಿದ್ದಳು. ನೋಡಿದ ಇಬ್ಬರೂ ಐದಕ್ಕೆ ಸೊನ್ನೆ. ಇಬ್ಬರಲ್ಲಿ ಒಂದು ಸರ್ವಿಸಿಗೂ ಭಿನ್ನಾಭಿಪ್ರಾಯ ಇಲ್ಲ. ಗೆಳತೀರು ಒಪ್ಪಿದ್ದಾರೆ, ಇವಳೊಬ್ಬಳೇ ಒಪ್ಪಿಲ್ಲ. ಶೀಟಿನಲ್ಲಿ ಅವಳ ಸಾಲಿನ ಪಕ್ಕ ನಾನು ಬರೆದದ್ದು ಇನ್ನೂ ನೆನಪಿದೆ: 'ತನ್ನ ಬಗ್ಗೆ ಅತಿ ವಿಶ್ವಾಸ. ಮೇಷ್ಟ್ರು ಮಾತಾಡಬೇಕು.' ಬರೆದು ಲ್ಯಾಪ್‌ಟಾಪ್ ಮುಚ್ಚಿದೆ.

ಶನಿವಾರ ಬೆಳಗಿನ ಸ್ಕೂಲು. ಏಳೂವರೆಗೇ ಹೋಬಳಿ ಟೀಮಿನ ಪ್ರಾಕ್ಟೀಸು. ಆ ಹುಡುಗಿ ಸರ್ವಿಸ್ ಹಾಕ್ತಿದ್ದಳು. ಬಾಲ್ ನೆಟ್ಟಿಗೆ. ಮತ್ತೆ ನೆಟ್ಟಿಗೆ. ಮೂರನೆಯದು ಪಕ್ಕದ ಸಾಲಿಗೆ ಹೋಯ್ತು. ಗೆಳೆಯ ಸೊಂಟದ ಮೇಲೆ ಕೈ ಇಟ್ಕೊಂಡು, "ಬುಧವಾರ ಇದೇ ಹುಡುಗಿ ಹತ್ತಕ್ಕೆ ಏಳು ಒಳಗೆ ಹಾಕಿದ್ಲು ಕಣೋ. ಇವತ್ತು ಹತ್ತಕ್ಕೆ ಮೂರು. ಏನಾಗಿದೆ ಇವಳಿಗೆ?" ಅಂದ.

ನಾನು ಅಭ್ಯಾಸದ ಹಾಗೆ ಗೆರೆಯ ನೇರಕ್ಕೆ, ಬಲಗಡೆ ಹೋಗಿ ನಿಂತೆ. ಕೈ ಕಾಣಲಿಲ್ಲ. ಅವಳ ಮೈ ಅಡ್ಡ ಬಂತು. ಆಕಡೆ ಹೋಗಿ ನಿಂತೆ. ಆಗ ಕಾಣಿಸ್ತು, ಎಡಗೈ.

ಅವಳು ಎಡಚಿ. ಎಡಗೈಯಲ್ಲಿ ಹೊಡೆಯೋರಿಗೆ ಬಲಗಾಲು ಮುಂದೆ ಇರಬೇಕು. ಇದು ಬರೀ ಚೆಂದಕ್ಕಲ್ಲ. ಹೊಡೆಯೋ ಕೈಗೆ ಎದುರಿನ ಕಾಲು ಮುಂದಿದ್ದರೆ ಹೊಡೆಯೋ ಭುಜ ಹಿಂದಕ್ಕೆ ಹೋಗಿ, ಸೊಂಟ ತಿರುಗಿ, ಮೈಯ ಭಾರವೆಲ್ಲ ಬಾಲಿನ ಮೇಲೆ ಬರುತ್ತೆ. ಕಲ್ಲು ಬೀಸಿ ಎಸೆಯೋರನ್ನು ನೋಡಿ, ಯಾರೂ ಹೇಳಿಕೊಡದೇ ಹಾಗೇ ನಿಲ್ತಾರೆ. ಅದೇ ಕಡೆಯ ಕಾಲು ಮುಂದಿಟ್ಟರೆ ಸೊಂಟ ಬಿಗಿದುಕೊಂಡು ಬರೀ ತೋಳಿನ ಬಲ ಉಳಿಯುತ್ತೆ. ಹದಿನಾಲ್ಕು ವರ್ಷದ ಹುಡುಗಿಯ ತೋಳಿಗೆ ಒಂಬತ್ತು ಮೀಟರ್ ಆಚೆ ಇರೋ ನೆಟ್ ದಾಟಿಸೋ ಬಲ ಎಲ್ಲಿಂದ ಬರಬೇಕು?

ಮತ್ತೆ ಫಾರಂನಲ್ಲಿ ಏನಿದೆ? 'ಎಡಗಾಲು ಮುಂದೆ ಇತ್ತೇ?' ಅಚ್ಚ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಬರೆದವನು ನಾನು. ಬಲಗೈಯವನು, ಮುಂದೆ ನಿಂತು ಸರ್ವಿಸ್ ಹಾಕಿದ ಗೆಳೆಯನೂ ಬಲಗೈಯವನು. ಅವನ ಎಡಗಾಲು ನೋಡಿ ಹಾಗೇ ಬರ್ಕೊಂಡಿದ್ದೆ.

ಗೆಳತೀರು ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದರು. ಪ್ರಾಮಾಣಿಕವಾಗಿ ತಿದ್ದಿದ್ದರು ಕೂಡ. ಗುರುವಾರ ಸಂಜೆ, ಶುಕ್ರವಾರ ಸಂಜೆ, ಮನೆ ಹತ್ತಿರ ಅವಳನ್ನು ನಿಲ್ಲಿಸಿಕೊಂಡು ಎಡಗಾಲು ಮುಂದೆ ಇಡೇ, ಎಡಗಾಲು ಮುಂದೆ ಇಡೇ ಅಂತ ಪ್ರಾಕ್ಟೀಸ್ ಮಾಡಿಸಿದ್ದರಂತೆ. ಅವಳು ಕಷ್ಟಪಟ್ಟು ಕಲಿತಿದ್ದಳು.

ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು. ಇಬ್ಬರು ಹೊಂದುತ್ತಾರಾ ಅಂತ ನಾನು ಮಾಡಿದ ಪರೀಕ್ಷೆಯಲ್ಲಿ ಈ ಪ್ರಶ್ನೆ ಸಲೀಸಾಗಿ ಪಾಸಾಗಿತ್ತು. ಆ ಪರೀಕ್ಷೆಯಿಂದ ಮಸುಕಾದ ಪ್ರಶ್ನೆ ಸಿಕ್ಕಿಬೀಳುತ್ತೆ, 'ಕೈ ನೇರ' ಸಿಕ್ಕಿಬಿದ್ದ ಹಾಗೆ. ಸ್ಪಷ್ಟವಾಗಿ ತಪ್ಪಾಗಿರೋ ಪ್ರಶ್ನೆ ಸಿಕ್ಕಿಬೀಳಲ್ಲ. ಎಲ್ಲರೂ ಒಟ್ಟಿಗೆ ಒಂದೇ ತಪ್ಪು ಉತ್ತರ ಬರೀತಾರೆ. ಅದನ್ನು ಹಿಡಿಯೋಕೆ ಇದ್ದ ಒಂದೇ ದಾರಿ ಅವಳ ಜೇಬಿನಲ್ಲಿದ್ದ ಚೀಟಿ. ಅದು ಐದಕ್ಕೆ ಐದು ಅಂತ ಹೇಳಿತ್ತು. ನಾನು ಓದಿ, ಅತಿ ವಿಶ್ವಾಸ ಅಂತ ಬರೆದೆ. ಪ್ರಾಜೆಕ್ಟಿನಲ್ಲಿ ನನಗೆ ಮೂವರೂ ಒಂದೇ ಆರು ಕೊಟ್ಟಾಗ, ಮೂವರೂ ಹೊಂದಿದ್ದಾರಲ್ಲ ಅಂತ ಸರಿ ಅಂದುಕೊಂಡ ಮೇಷ್ಟ್ರು ಯಾರಿದ್ದರೋ, ಅವರ ಜಾಗದಲ್ಲಿ ನಾನು ಕೂತಿದ್ದೆ.

ಗೆಳೆಯನ ಕಿವಿಯಲ್ಲಿ ಹೇಳಿದೆ. ಅವನು ಹಣೆ ಚಚ್ಚಿಕೊಂಡ. "ನಾನೂ ನೋಡಿದ್ನಲ್ಲೋ ಫಾರಂನ, ಸಹಿ ಹಾಕಿದ್ನಲ್ಲೋ" ಅಂದ. ಅವಳನ್ನು ಕರೆದ. "ಬಲಗಾಲು ಮುಂದಿಟ್ಟು ಹಾಕಮ್ಮ ಒಂದು."

ಅವಳು ಅಲುಗಾಡಲಿಲ್ಲ. ಅವನ ಮುಖ ನೋಡಿದಳು, ಗೆಳತೀರ ಮುಖ ನೋಡಿದಳು.

"ಹಾಗಾದ್ರೆ ಮೊದಲು ಮಾಡ್ತಿದ್ದಿದ್ದೇ ಸರೀನಾ ಸಾರ್?"

"ಸರಿ ಕಣಮ್ಮ. ಫಾರಂ ತಪ್ಪು."

"ಯಾರ್ ಸಾರ್ ಮಾಡಿದ್ದು ಫಾರಂ?"

ಗೆಳೆಯ ನನ್ನ ಕಡೆ ಕೈ ತೋರಿಸಿದ. ಅವಳು ನನ್ನನ್ನು ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಅವತ್ತಿಗೆ ಅವಳ ಸರ್ವಿಸ್ ಪೂರ್ತಿ ಸರಿಹೋಗಲೂ ಇಲ್ಲ. ಎರಡು ದಿನ ಕಷ್ಟಪಟ್ಟು ಕಲಿತದ್ದು ಎರಡು ನಿಮಿಷಕ್ಕೆ ಹೋಗುತ್ತಾ? ಕಾಲು ಇಡೋ ಮೊದಲು ಯೋಚನೆ ಮಾಡೋಕೆ ಶುರುಮಾಡಿದ್ದಳು. ಸರ್ವಿಸ್ ಹಾಕುವಾಗ ಕಾಲಿನ ಬಗ್ಗೆ ಯೋಚನೆ ಬಂದರೆ ಬಾಲ್ ಹಾರಿಸೋದು ಕೆಡುತ್ತೆ.

ಮಧ್ಯಾಹ್ನ ಹುಣಸೆ ಮರದ ಕೆಳಗೆ ಮತ್ತೆ ಕೂತ್ವಿ. ಪ್ರಶ್ನೆ ತಿದ್ದಿದೆ: ಹೊಡೆಯೋ ಕೈಗೆ ಎದುರಿನ ಕಾಲು ಮುಂದೆ ಇತ್ತೇ? ಅದರ ಮೇಲೆ ಒಂದು ಡಬ್ಬಿ, ಹೊಡೆಯೋ ಕೈ ಎಡವೋ ಬಲವೋ ಅಂತ. ಎಲ್ಲಕ್ಕಿಂತ ಕೆಳಗೆ ಇನ್ನೂ ಒಂದು ಸಾಲು ಸೇರಿಸಿದ್ವಿ: 'ನನ್ನ ಚೀಟಿಗೂ ಗೆಳೆಯರ ಹಾಳೆಗೂ ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇಬ್ಬರೂ ಸೇರಿ ಮೇಷ್ಟ್ರ ಹತ್ತಿರ ಬಂದು ಇನ್ನೂ ಐದು ಸರ್ವಿಸ್ ಹಾಕಿ ತೋರಿಸೋದು.' ಯಾರು ಸರಿ ಅಂತ ಹಾಳೆಯೇ ತೀರ್ಮಾನ ಮಾಡೋ ಹಾಗಿಲ್ಲ.

ಅದು ಉಪಯೋಗಕ್ಕೂ ಬಂತು. ಸೋಮವಾರ ಲೀಡರ್ ಹುಡುಗ ಬಂದ. ಹೊಸ ಮೊಣಕೈ ಪ್ರಶ್ನೆಗೆ ತನಗೆ ಐದು ಕೊಟ್ಕೊಂಡಿದ್ದ, ನೋಡಿದ ಇಬ್ಬರೂ ಒಂದೊಂದು ಕೊಟ್ಟಿದ್ದರು. ಲೀಡರಿಗೆ ಒಂದು ಕೊಟ್ಟಿದ್ದರು ಅನ್ನೋದೇ ನನಗೆ ಆಶ್ಚರ್ಯ. ಹತ್ತು ದಿನದ ಹಿಂದೆ ಅವನಿಗೆ ಎಲ್ಲಾ ಅತ್ಯುತ್ತಮ. ಈ ಸಲ ಚೀಟಿಯನ್ನೂ ಹಗುರಾಗಿ ಬಿಡಲಿಲ್ಲ, ಹಾಳೆಯನ್ನೂ ನಂಬಲಿಲ್ಲ. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ಐದು ಸರ್ವಿಸ್ ತೆಗೆದೆ. ಬಾಲ್ ತಾಗೋ ಕ್ಷಣದಲ್ಲಿ ನಿಲ್ಲಿಸಿ ತೋರಿಸಿದೆ. ಮೊಣಕೈ ಕಿವಿಯಿಂದ ಒಂದು ಗೇಣು ಕೆಳಗೆ. ಬಾಲ್ ತಲೆ ಮೇಲಿಂದ ಹೋಗೋ ಬದಲು ಮುಖದ ಮುಂದಿಂದ ತಳ್ಳಿದ ಹಾಗೆ. "ಇದು ನಾನಾ?" ಅಂದ. ನಾಲ್ಕು ಸಲ ಹಿಂದೆ ಮುಂದೆ ಎಳೆದು ನೋಡಿದ. ಹೊಡೆಯುವಾಗ ಕೈ ಪೂರಾ ಮೇಲೆ ಹೋಯ್ತು ಅಂತಲೇ ಒಳಗಿನಿಂದ ಅನ್ನಿಸುತ್ತೆ, ಯಾರಿಗಾದರೂ. ತನ್ನ ಮೊಣಕೈ ತನಗೆ ಕಾಣಲ್ಲವಲ್ಲ. ಹೊಸ ಪ್ರಶ್ನೆಗೆ ನೋಡುವ ಇಬ್ಬರೂ ಹೆಚ್ಚಿನ ಹಾಳೆಗಳಲ್ಲಿ ಐದಕ್ಕೆ ನಾಲ್ಕು ಸರ್ವಿಸಿಗೆ ಹೊಂದಿದ್ದರು. ಟಾಸ್ ಪ್ರಶ್ನೆ ಮಾತ್ರ ಕೊನೆವರೆಗೂ ಕೈ ಕೊಟ್ಟಿತು. ಪಕ್ಕದಲ್ಲಿ ನಿಂತವರಿಗೆ ಬಾಲ್ ಮುಂದೆ ಹೋದದ್ದು ಕಾಣುತ್ತೆ, ಎಡಕ್ಕೋ ಬಲಕ್ಕೋ ವಾಲಿದ್ದು ಕಾಣಲ್ಲ. ಅದಕ್ಕೆ ಹಿಂದೆ ನಿಲ್ಲಬೇಕು. ಆ ಪ್ರಶ್ನೆಯನ್ನು ಕಿತ್ತುಹಾಕಿ, ಬಾಲನ್ನು ಹಾರಿಸಿ ಹೊಡೆಯದೇ ಬಿಟ್ಟು ಎಲ್ಲಿ ಬೀಳುತ್ತೆ ಅಂತ ನೆಲದಲ್ಲಿ ಗುರುತು ಮಾಡೋ ಬೇರೆ ಆಟ ಮಾಡಿದ. ಅದು ಅವನದೇ ಐಡಿಯಾ, ನನ್ನ ಫಾರಂಗಿಂತ ಒಳ್ಳೇದು.

ಟೀಮನ್ನು ಅವನೇ ಆರಿಸಿದ. ಎಲ್ಲರ ಎದುರಿಗೆ ಒಬ್ಬೊಬ್ಬರಿಗೆ ಇಪ್ಪತ್ತು ಸರ್ವಿಸ್, ಒಳಗೆ ಬಿದ್ದದ್ದು ಲೆಕ್ಕ, ಪಾಸ್ ಮಾಡೋದಕ್ಕೆ ಬೇರೆ ಲೆಕ್ಕ, ಕೊನೆಯ ಮಾತು ಮೇಷ್ಟ್ರದ್ದು. ಮಕ್ಕಳ ಹಾಳೆ ಅದರಲ್ಲಿ ಸೇರಲಿಲ್ಲ. ಈ ಸಲವೂ ಒಬ್ಬರು ಬಂದು ಜಗಳ ಆಡಿದರಂತೆ. ಆ ಎಡಚಿ ಹುಡುಗಿ ಹನ್ನೆರಡರಲ್ಲಿ ಇದ್ದಳು. ಹೋಬಳಿಯಲ್ಲಿ ಇವರು ಎರಡನೇ ಮ್ಯಾಚಿನಲ್ಲೇ ಸೋತರು.

ನಾನು ಬೆಂಗಳೂರಿಗೆ ವಾಪಸ್ ಬಂದು ತಿಂಗಳಾಗಿರಬೇಕು, ಗೆಳೆಯ ಒಂದು ಫೋಟೋ ಕಳಿಸಿದ. ಎಂಟನೇ ಕ್ಲಾಸಿಗೆ ಖೋ ಖೋ ಶುರುಮಾಡಿದ್ದಾನೆ, ಚೈನ್‌ನಲ್ಲಿ ಕೂತವರು ಏಳೋ ರೀತಿಗೆ ಫಾರಂ ಬೇಕಂತೆ. ಈ ಸಲ ಪ್ರಶ್ನೆಗಳನ್ನು ಒಂಬತ್ತನೇ ಕ್ಲಾಸಿನ ಕೈಯಲ್ಲೇ ಬರೆಸಿದ್ದಾನೆ. ನೀಲಿ ಇಂಕಿನಲ್ಲಿ ಮೊದಲ ಪ್ರಶ್ನೆ, 'ಬಲಗಾಲು ಹಿಂದೆ ಇತ್ತೇ?' ಅದರ ಮೇಲೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದಾರೆ: 'ಯಾವ ಕಡೆಗೆ ತಿರುಗಿ ಕೂತಿದ್ದಾರೆ ಅಂತ ಮೊದಲು ಕೇಳಿ.' ಅಕ್ಷರ ಎಡಕ್ಕೆ ವಾಲಿತ್ತು.